ಗ್ರಾಹಕ ಬೆಲೆ ಸೂಚ್ಯಂಕವೋ ಜಿಡಿಪಿ ಡಿಫ್ಲೇಟರೋ: ಪ್ರಶ್ನೆ ನೋಡಿ ಸರಿಯಾದ ಅಳತೆ ಆರಿಸುವ ಕ್ರಮ

ದ್ವಿತೀಯ ಪಿಯುಸಿ ಅರ್ಥಶಾಸ್ತ್ರದ ಮಾದರಿ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ಹಾಸನದಲ್ಲಿ ತಿದ್ದುವಾಗಲೆಲ್ಲ ಒಂದೇ ಬಗೆಯ ಉತ್ತರ ಮತ್ತೆ ಮತ್ತೆ ಎದುರಾಗುತ್ತದೆ. ಗ್ರಾಹಕ ಬೆಲೆ ಸೂಚ್ಯಂಕಕ್ಕೂ ಜಿಡಿಪಿ ಡಿಫ್ಲೇಟರಿಗೂ ಇರುವ ಮೂರು ವ್ಯತ್ಯಾಸಗಳನ್ನು ವಿದ್ಯಾರ್ಥಿ ತಪ್ಪಿಲ್ಲದೆ ಬರೆದಿರುತ್ತಾನೆ. ಆದರೆ ಮುಂದಿನ ಪುಟದಲ್ಲೇ, ರಫ್ತಾಗುವ ಕಾಫಿಯ ಬೆಲೆ ಏರಿದರೆ ಯಾವ ಸೂಚ್ಯಂಕ ಏರುತ್ತದೆ ಎಂದು ಕೇಳಿದ ಪ್ರಶ್ನೆಗೆ 'ಎರಡೂ ಏರುತ್ತವೆ' ಎಂದು ಬರೆದು ಅಂಕ ಕಳೆದುಕೊಳ್ಳುತ್ತಾನೆ. ಕೆಎಎಸ್ ಪರೀಕ್ಷೆಗೆ ಓದುತ್ತಿರುವವರೂ ಎಡವುವುದು ಇದೇ ಜಾಗದಲ್ಲಿ. ವ್ಯಾಖ್ಯೆ ಬಾಯಿಪಾಠವಾಗಿದೆ, ಆದರೆ ಅದನ್ನು ಒಂದು ಸರಕಿಗೆ ಹಚ್ಚಿ ನೋಡುವ ಕ್ರಮ ಗೊತ್ತಿಲ್ಲ. ಈ ಬರಹ ಆ ಕ್ರಮಕ್ಕೆ ಮಾತ್ರ ಮೀಸಲು.

ಬೇಕಾಗುವ ಪರಿಕರಗಳು ಹೆಚ್ಚೇನಿಲ್ಲ: ಒಂದು ಹಾಳೆ, ಪರೀಕ್ಷೆಯಲ್ಲಿ ಅನುಮತಿ ಇದ್ದರೆ ಒಂದು ಸಾಧಾರಣ ಕ್ಯಾಲ್ಕುಲೇಟರ್, ಮತ್ತು ಈ ಎರಡು ಸೂತ್ರಗಳು.

ಗ್ರಾಹಕ ಬೆಲೆ ಸೂಚ್ಯಂಕ = (ಮೂಲ ವರ್ಷದ ಬುಟ್ಟಿಗೆ ಈಗ ತಗಲುವ ವೆಚ್ಚ ÷ ಅದೇ ಬುಟ್ಟಿಗೆ ಮೂಲ ವರ್ಷದಲ್ಲಿ ತಗಲಿದ ವೆಚ್ಚ) × 100

ಜಿಡಿಪಿ ಡಿಫ್ಲೇಟರ್ = (ನಾಮಮಾತ್ರ ಜಿಡಿಪಿ ÷ ನೈಜ ಜಿಡಿಪಿ) × 100

ಮೊದಲನೆಯದರಲ್ಲಿ 'ಅದೇ ಬುಟ್ಟಿ' ಎಂಬ ಮಾತನ್ನೂ ಎರಡನೆಯದರಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಎಂಬುದನ್ನೂ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಲೆಕ್ಕದಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಈ ಎರಡು ಕಡೆಗಳಿಂದಲೇ ಹುಟ್ಟುತ್ತವೆ.

## ಹಂತ 1: ಸರಕಿಗೆ ಎರಡು ಪ್ರತ್ಯೇಕ ಪರೀಕ್ಷೆ ಮಾಡಿ

ಬಹಳಷ್ಟು ವಿದ್ಯಾರ್ಥಿಗಳು ಒಂದು ಸರಕು ಇದರಲ್ಲಿ ಇದ್ದರೆ ಅದರಲ್ಲಿ ಇರುವುದಿಲ್ಲ ಎಂದು ಭಾವಿಸುತ್ತಾರೆ. ಹಾಗೇನಿಲ್ಲ. ಸರಕು ಎರಡರಲ್ಲೂ ಇರಬಹುದು, ಒಂದರಲ್ಲಿ ಮಾತ್ರ ಇರಬಹುದು, ಎರಡರಲ್ಲೂ ಇಲ್ಲದೆಯೂ ಇರಬಹುದು. ಆದ್ದರಿಂದ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿಯೇ ಕೇಳಿಕೊಳ್ಳಬೇಕು.

ಮೊದಲ ಪ್ರಶ್ನೆ: ಇದನ್ನು ನಮ್ಮ ದೇಶದ ಕುಟುಂಬವೊಂದು ತನ್ನ ಬಳಕೆಗಾಗಿ ಕೊಳ್ಳುತ್ತದೆಯೇ? ಹೌದಾದರೆ ಅದರ ಬೆಲೆ ಗ್ರಾಹಕ ಬೆಲೆ ಸೂಚ್ಯಂಕಕ್ಕೆ ಸಂಬಂಧಿಸಿದ್ದು. ಸರಕು ಎಲ್ಲಿ ತಯಾರಾಯಿತು ಎಂಬುದು ಇಲ್ಲಿ ಬೇಕಿಲ್ಲ.

ಎರಡನೆಯ ಪ್ರಶ್ನೆ: ಇದು ದೇಶದೊಳಗೆ ಉತ್ಪಾದನೆಯಾದ ಅಂತಿಮ ಸರಕು ಅಥವಾ ಸೇವೆಯೇ? ಹೌದಾದರೆ ಅದರ ಬೆಲೆ ಡಿಫ್ಲೇಟರಿಗೆ ಸೇರುತ್ತದೆ. ಕೊಂಡವರು ಕುಟುಂಬವೋ, ಕಾರ್ಖಾನೆಯೋ, ಸರ್ಕಾರವೋ, ವಿದೇಶಿ ವ್ಯಾಪಾರಿಯೋ ಎಂಬುದು ಇಲ್ಲಿ ಬೇಕಿಲ್ಲ.

ಅಂದರೆ ಗ್ರಾಹಕ ಬೆಲೆ ಸೂಚ್ಯಂಕ ಕೊಳ್ಳುವವರನ್ನು ನೋಡುತ್ತದೆ, ಡಿಫ್ಲೇಟರ್ ಉತ್ಪಾದನೆಯಾದ ಜಾಗವನ್ನು ನೋಡುತ್ತದೆ. ಈ ಎರಡು ಪ್ರಶ್ನೆಗಳಿಗೆ ಹೌದು ಅಥವಾ ಇಲ್ಲ ಎಂದು ಹಾಳೆಯ ಅಂಚಿನಲ್ಲಿ ಗುರುತು ಹಾಕಿಕೊಂಡ ನಂತರವೇ ಉತ್ತರ ಬರೆಯಲು ತೊಡಗಿ.

## ಹಂತ 2: ಒಂದೇ ಸರಕಿನ ದಾರಿಗಳನ್ನು ಬೇರ್ಪಡಿಸಿ

ನಮ್ಮ ಜಿಲ್ಲೆಗಳವರಿಗೆ ಇದನ್ನು ಅರ್ಥ ಮಾಡಿಕೊಳ್ಳಲು ಕಾಫಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಸಕಲೇಶಪುರದ ತೋಟವೊಂದರ ರೊಬಸ್ಟಾ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಹಸನಾಗಿ ಚೀಲಕ್ಕೆ ಬಿತ್ತು ಎಂದಿಟ್ಟುಕೊಳ್ಳಿ. ಅಲ್ಲಿಂದ ಮುಂದೆ ಅದಕ್ಕೆ ಕನಿಷ್ಠ ಮೂರು ದಾರಿಗಳಿವೆ.

ಮೊದಲ ದಾರಿಯಲ್ಲಿ ಚೀಲ ಮಂಗಳೂರು ಬಂದರಿನ ಮೂಲಕ ಇಟಲಿಗೆ ಹೋಗುತ್ತದೆ. ಇಲ್ಲಿನ ಯಾವ ಕುಟುಂಬವೂ ಅದನ್ನು ಕೊಳ್ಳಲಿಲ್ಲ, ಹಾಗಾಗಿ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಅದಕ್ಕೆ ಜಾಗವಿಲ್ಲ. ಉತ್ಪಾದನೆ ದೇಶದೊಳಗೇ ಆಗಿದೆ ಮತ್ತು ರಫ್ತಾದ ಸರಕನ್ನು ಜಿಡಿಪಿ ಲೆಕ್ಕದಲ್ಲಿ ಅಂತಿಮ ಸರಕೆಂದೇ ಪರಿಗಣಿಸುವುದರಿಂದ ಅದು ಡಿಫ್ಲೇಟರಿನಲ್ಲಿದೆ. ಭಾರತದಲ್ಲಿ ಬೆಳೆಯುವ ಕಾಫಿಯ ಹೆಚ್ಚಿನ ಪಾಲು ರಫ್ತಾಗುತ್ತದೆ ಎಂಬುದನ್ನು ನೆನೆದರೆ, ಕಾಫಿಯ ಅಂತರರಾಷ್ಟ್ರೀಯ ಬೆಲೆ ಜಿಗಿದ ವರ್ಷದಲ್ಲಿ ಬೆಳೆಗಾರನ ಕೈ ತುಂಬಿದರೂ ಗ್ರಾಹಕ ಬೆಲೆ ಸೂಚ್ಯಂಕ ಅಷ್ಟಾಗಿ ಕದಲದೆ ಇರಲು ಒಂದು ಕಾರಣ ತಿಳಿಯುತ್ತದೆ.

ಎರಡನೆಯ ದಾರಿಯಲ್ಲಿ ಅದೇ ಚೀಲವನ್ನು ಹಾಸನದ ಕಾಫಿಪುಡಿ ಅಂಗಡಿಯವರು ಹುರಿಯಲು ಕೊಳ್ಳುತ್ತಾರೆ. ಈಗ ಅದು ಮಧ್ಯಂತರ ಸರಕು. ಚೀಲದ ಬೆಲೆ ನೇರವಾಗಿ ಯಾವುದಕ್ಕೂ ಸೇರುವುದಿಲ್ಲ. ಹುರಿದು, ಚಿಕೋರಿ ಬೆರೆಸಿ, ಕಾಲು ಕಿಲೋ ಪೊಟ್ಟಣವಾಗಿ ಗ್ರಾಹಕರ ಕೈ ಸೇರಿದಾಗ ಆ ಪುಡಿಯ ಬೆಲೆ ಎರಡರಲ್ಲೂ ಸೇರುತ್ತದೆ, ಏಕೆಂದರೆ ಅದನ್ನು ಕುಟುಂಬ ಕೊಂಡಿದೆ ಮತ್ತು ಅದು ಇಲ್ಲೇ ತಯಾರಾಗಿದೆ. ಚೀಲದ ಬೆಲೆಯನ್ನೂ ಪುಡಿಯ ಬೆಲೆಯನ್ನೂ ಸೇರಿಸಿ ಒಂದೇ ಮೌಲ್ಯವನ್ನು ಎರಡು ಬಾರಿ ಎಣಿಸುವುದು ಇಲ್ಲಿ ಆಗುವ ಸಾಮಾನ್ಯ ತಪ್ಪು.

ಮೂರನೆಯದು ಅಷ್ಟಾಗಿ ಯಾರೂ ಗಮನಿಸದ ದಾರಿ. ಬೆಲೆ ಇನ್ನೂ ಏರಲಿ ಎಂದು ಬೆಳೆಗಾರ ಚೀಲವನ್ನು ಗೋದಾಮಿನಲ್ಲೇ ಇಟ್ಟುಕೊಳ್ಳುತ್ತಾನೆ. ಅದು ದಾಸ್ತಾನಿನ ಹೆಚ್ಚಳವಾಗಿ ಹೂಡಿಕೆಯ ಭಾಗವಾಗುತ್ತದೆ ಮತ್ತು ಬೆಳೆದ ವರ್ಷದ ಜಿಡಿಪಿಗೇ ಸೇರುತ್ತದೆ. ಮರುವರ್ಷ ಮಾರಿದಾಗ ಅದನ್ನು ಹೊಸ ಉತ್ಪಾದನೆ ಎಂದು ಎಣಿಸುವಂತಿಲ್ಲ.

ಪ್ರಶ್ನೆಯಲ್ಲಿ ಬರೀ 'ಕಾಫಿ' ಎಂದಿದ್ದರೆ ಉತ್ತರ ಹೇಳಲಾಗದು. 'ರಫ್ತಾಗುವ', 'ಕುಟುಂಬಗಳು ಬಳಸುವ', 'ಕಚ್ಚಾವಸ್ತುವಾಗಿ ಬಳಸುವ' ಎಂಬ ವಿಶೇಷಣಗಳಲ್ಲಿ ಯಾವುದಿದೆ ಎಂದು ಹುಡುಕಿ ಅದರ ಕೆಳಗೆ ಗೆರೆ ಎಳೆಯಿರಿ.

## ಹಂತ 3: ಆಮದಿನ ಪ್ರಶ್ನೆಯನ್ನು ಪ್ರತ್ಯೇಕವಾಗಿ ನಿಭಾಯಿಸಿ

ಇಂಡೋನೇಷ್ಯಾ ಅಥವಾ ಮಲೇಷ್ಯಾದಿಂದ ಬರುವ ತಾಳೆ ಎಣ್ಣೆ ತುಟ್ಟಿಯಾಯಿತು ಎನ್ನೋಣ. ಕುಟುಂಬಗಳು ಅದನ್ನು ಕೊಳ್ಳುತ್ತವೆ, ಹಾಗಾಗಿ ಗ್ರಾಹಕ ಬೆಲೆ ಸೂಚ್ಯಂಕ ಏರುತ್ತದೆ. ಅದು ಇಲ್ಲಿ ಉತ್ಪಾದನೆಯಾಗಿಲ್ಲ, ಹಾಗಾಗಿ ಡಿಫ್ಲೇಟರ್ ನೇರವಾಗಿ ಏರುವುದಿಲ್ಲ. ಎರಡು ಅಂಕದ ಪ್ರಶ್ನೆಗೆ ಇಷ್ಟು ಸಾಕು.

ಐದು ಅಂಕದ ಪ್ರಶ್ನೆಯಲ್ಲಿ ಕಾರಣವನ್ನೂ ಬರೆಯಬೇಕು. ಜಿಡಿಪಿಯನ್ನು C + I + G + X − M ಎಂದು ಬರೆದಾಗ, ಆಮದಾದ ಎಣ್ಣೆಗೆ ಕುಟುಂಬ ಕೊಟ್ಟ ಹಣ C ಯಲ್ಲಿ ಕೂಡುತ್ತದೆ, ಅದರಲ್ಲಿ ಆಮದಿಗೆ ಹೋದ ಮೊತ್ತ M ಮೂಲಕ ಕಳೆದುಹೋಗುತ್ತದೆ. ಉಳಿಯುವುದು ದೇಶದೊಳಗೆ ಸೇರಿದ ಮೌಲ್ಯ ಮಾತ್ರ: ಎಣ್ಣೆಯನ್ನು ಶುದ್ಧೀಕರಿಸಿದವರ, ಸಾಗಿಸಿದವರ, ಮಾರಿದ ಅಂಗಡಿಯವರ ಪಾಲು. 'ಆಮದು ಸರಕಿಗೂ ಡಿಫ್ಲೇಟರಿಗೂ ಏನೇನೂ ಸಂಬಂಧವಿಲ್ಲ' ಎಂದು ಬರೆಯುವುದು ಈ ಕಾರಣಕ್ಕೇ ಪೂರ್ತಿ ಸರಿಯಲ್ಲ. 'ನೇರವಾಗಿ ಸೇರುವುದಿಲ್ಲ' ಎಂಬುದು ಸುರಕ್ಷಿತ ವಾಕ್ಯ. ಕಚ್ಚಾ ತೈಲದ ಪ್ರಶ್ನೆಯನ್ನೂ ಹೀಗೆಯೇ ಬಿಡಿಸಬೇಕು. ತೈಲ ತುಟ್ಟಿಯಾದ ಕಾರಣ ಇಲ್ಲಿನ ಬಸ್ ಪ್ರಯಾಣದ ದರವೂ ಇಲ್ಲಿ ತಯಾರಾದ ಸರಕುಗಳ ಬೆಲೆಯೂ ಏರಿದರೆ, ಆ ಏರಿಕೆ ಡಿಫ್ಲೇಟರಿನಲ್ಲಿ ಕಾಣಿಸಿಕೊಳ್ಳಬಹುದು.

ಇನ್ನು ಬಂಡವಾಳ ಸರಕು. ದೇಶದಲ್ಲೇ ತಯಾರಾದ ಪವರ್ ಟಿಲ್ಲರನ್ನು ರೈತ ಕೊಂಡರೆ ಅದು ಹೂಡಿಕೆ. ಅದು ಡಿಫ್ಲೇಟರಿನಲ್ಲಿದೆ, ಗ್ರಾಹಕ ಬೆಲೆ ಸೂಚ್ಯಂಕದಲ್ಲಿಲ್ಲ. ಅದೇ ರೈತ ತೋಟದ ಕಳೆ ತೆಗೆಯಲು ಚೀನಾದಿಂದ ಆಮದಾದ ಯಂತ್ರ ಕೊಂಡರೆ, ಅದು ಮನೆಬಳಕೆಯ ಸರಕಲ್ಲ, ಇಲ್ಲಿ ತಯಾರಾದದ್ದೂ ಅಲ್ಲ. ಆದ್ದರಿಂದ ಎರಡರಲ್ಲೂ ಇಲ್ಲ. ಬಹು ಆಯ್ಕೆಯ ಪ್ರಶ್ನೆಯಲ್ಲಿ 'ಇವೆರಡೂ ಅಲ್ಲ' ಎಂಬ ಆಯ್ಕೆಯನ್ನು ನೋಡಿದ ಕೂಡಲೇ ಹೊಡೆದುಹಾಕುವ ಅಭ್ಯಾಸವಿದ್ದವರು ಇಂಥ ಕಡೆ ಸಿಕ್ಕಿಬೀಳುತ್ತಾರೆ.

## ಹಂತ 4: ಲೆಕ್ಕವನ್ನು ಈ ಕ್ರಮದಲ್ಲಿ ಮಾಡಿ

ಒಂದು ಕಾಲ್ಪನಿಕ ದೇಶವನ್ನು ತೆಗೆದುಕೊಳ್ಳೋಣ. ಅಲ್ಲಿ ಆಲೂಗಡ್ಡೆ, ಕಾಫಿ ಮತ್ತು ಪವರ್ ಟಿಲ್ಲರ್ ಮಾತ್ರ ತಯಾರಾಗುತ್ತವೆ. ಕಾಫಿ ಪೂರ್ತಿ ರಫ್ತಾಗುತ್ತದೆ. ಕುಟುಂಬಗಳು ಕೊಳ್ಳುವುದು ಆಲೂಗಡ್ಡೆ ಮತ್ತು ಆಮದಾದ ತಾಳೆ ಎಣ್ಣೆ ಎರಡನ್ನೇ.

| ಉತ್ಪಾದನೆ | ಮೂಲ ವರ್ಷದ ಪ್ರಮಾಣ | ಮೂಲ ವರ್ಷದ ಬೆಲೆ | ಈ ವರ್ಷದ ಪ್ರಮಾಣ | ಈ ವರ್ಷದ ಬೆಲೆ |
|---|---|---|---|---|
| ಆಲೂಗಡ್ಡೆ | 100 ಕ್ವಿಂಟಲ್ | ₹2,000 | 120 ಕ್ವಿಂಟಲ್ | ₹2,500 |
| ಕಾಫಿ | 20 ಚೀಲ | ₹10,000 | 16 ಚೀಲ | ₹15,000 |
| ಪವರ್ ಟಿಲ್ಲರ್ | 1 | ₹1,00,000 | 1 | ₹1,20,000 |

ಮೊದಲು ನಾಮಮಾತ್ರ ಜಿಡಿಪಿ, ಅಂದರೆ ಈ ವರ್ಷದ ಪ್ರಮಾಣವನ್ನು ಈ ವರ್ಷದ ಬೆಲೆಯಿಂದ ಗುಣಿಸಿ ಕೂಡಬೇಕು: 3,00,000 + 2,40,000 + 1,20,000 = ₹6,60,000. ನಂತರ ನೈಜ ಜಿಡಿಪಿ, ಅಂದರೆ ಈ ವರ್ಷದ ಪ್ರಮಾಣವನ್ನೇ ಮೂಲ ವರ್ಷದ ಬೆಲೆಯಿಂದ ಗುಣಿಸಬೇಕು: 2,40,000 + 1,60,000 + 1,00,000 = ₹5,00,000. ಡಿಫ್ಲೇಟರ್ (6,60,000 ÷ 5,00,000) × 100 = 132.

ಮೂಲ ವರ್ಷದ ಜಿಡಿಪಿಯೂ ₹5,00,000 ಆಗಿತ್ತು ಎಂಬುದನ್ನು ಗಮನಿಸಿ. ನಾಮಮಾತ್ರ ಜಿಡಿಪಿ ಶೇ. 32ರಷ್ಟು ಹೆಚ್ಚಿದ್ದರೂ ನೈಜ ಬೆಳವಣಿಗೆ ಸೊನ್ನೆ. ಆಲೂಗಡ್ಡೆಯ ಇಳುವರಿ ಹೆಚ್ಚಿದ್ದನ್ನು ಕಾಫಿಯ ಇಳುವರಿ ಕುಸಿದದ್ದು ನುಂಗಿಹಾಕಿದೆ. 'ಆರ್ಥಿಕತೆ ಬೆಳೆದಿದೆಯೇ?' ಎಂಬ ಉಪಪ್ರಶ್ನೆ ಇದ್ದರೆ ಉತ್ತರ ಇಲ್ಲಿಂದಲೇ ಸಿಗುತ್ತದೆ.

ಈಗ ಗ್ರಾಹಕ ಬೆಲೆ ಸೂಚ್ಯಂಕ. ಮೂಲ ವರ್ಷದಲ್ಲಿ ಒಂದು ಕುಟುಂಬದ ಬುಟ್ಟಿಯಲ್ಲಿ 50 ಕಿಲೋ ಆಲೂಗಡ್ಡೆ ಮತ್ತು 10 ಲೀಟರ್ ಎಣ್ಣೆ ಇದ್ದವು. ಆಲೂಗಡ್ಡೆಯ ಬೆಲೆ ಕಿಲೋಗೆ ₹20ರಿಂದ ₹25ಕ್ಕೆ ಏರಿದೆ, ಎಣ್ಣೆಯ ಬೆಲೆ ಲೀಟರಿಗೆ ₹100ರಿಂದ ₹95ಕ್ಕೆ ಇಳಿದಿದೆ. ಮೂಲ ವರ್ಷದ ವೆಚ್ಚ 1,000 + 1,000 = ₹2,000. ಅದೇ ಬುಟ್ಟಿಗೆ ಈಗಿನ ವೆಚ್ಚ 1,250 + 950 = ₹2,200. ಸೂಚ್ಯಂಕ 110.

ಒಂದೇ ದೇಶ, ಒಂದೇ ವರ್ಷ, ಆದರೆ ಒಂದು ಅಳತೆ ಶೇ. 10 ಎನ್ನುತ್ತದೆ, ಇನ್ನೊಂದು ಶೇ. 32 ಎನ್ನುತ್ತದೆ. ಇದರಲ್ಲಿ ಲೆಕ್ಕದ ತಪ್ಪೇನೂ ಇಲ್ಲ. ಕಾಫಿ ಮತ್ತು ಟಿಲ್ಲರಿನ ಬೆಲೆ ಏರಿಕೆ ಕುಟುಂಬದ ಬುಟ್ಟಿಯನ್ನು ಮುಟ್ಟಲಿಲ್ಲ, ಎಣ್ಣೆಯ ಬೆಲೆ ಇಳಿಕೆ ದೇಶೀಯ ಉತ್ಪಾದನೆಯನ್ನು ಮುಟ್ಟಲಿಲ್ಲ. ವ್ಯತ್ಯಾಸಕ್ಕೆ ಕಾರಣ ಕೇಳಿದಾಗ ಬರೆಯಬೇಕಾದದ್ದು ಈ ವಾಕ್ಯವನ್ನೇ.

## ಹಂತ 5: ಉತ್ತರ ತಪ್ಪಿದೆ ಎಂದು ಹೇಳುವ ಲಕ್ಷಣಗಳನ್ನು ನೋಡಿ

ಮೇಲಿನ ಲೆಕ್ಕದಲ್ಲಿ ಡಿಫ್ಲೇಟರ್ 75.76 ಎಂದು ಬಂದರೆ ಸೂತ್ರವನ್ನು ತಲೆಕೆಳಗು ಮಾಡಿದ್ದೀರಿ. ದೇಶದಲ್ಲಿ ತಯಾರಾದ ಎಲ್ಲ ಸರಕುಗಳ ಬೆಲೆಯೂ ಏರಿರುವಾಗ ಡಿಫ್ಲೇಟರ್ 100ಕ್ಕಿಂತ ಕೆಳಗಿರಲು ಸಾಧ್ಯವೇ ಇಲ್ಲ. ಮೂಲ ವರ್ಷಕ್ಕೆ ಯಾವ ಸೂಚ್ಯಂಕವೇ ಆಗಲಿ, 100 ಬರಬೇಕು. ಬರದಿದ್ದರೆ ಮೂಲ ವರ್ಷ ಯಾವುದೆಂದು ಮತ್ತೊಮ್ಮೆ ಪ್ರಶ್ನೆಯನ್ನು ಓದಿ.

ಎರಡನೆಯ ತಪ್ಪನ್ನು ಪತ್ತೆಹಚ್ಚುವುದು ಕಷ್ಟ. ಪ್ರಶ್ನೆಯಲ್ಲಿ ಕುಟುಂಬದ ಈ ವರ್ಷದ ಖರೀದಿಯನ್ನೂ ಕೊಟ್ಟಿರುತ್ತಾರೆ. ಆಲೂಗಡ್ಡೆ ತುಟ್ಟಿಯಾದ್ದರಿಂದ 40 ಕಿಲೋಗೆ ಇಳಿಸಿ, ಎಣ್ಣೆ ಅಗ್ಗವಾದ್ದರಿಂದ 14 ಲೀಟರಿಗೆ ಏರಿಸಿದ್ದಾರೆ ಎನ್ನಿ. ವಿದ್ಯಾರ್ಥಿ ಈ ವರ್ಷದ ಒಟ್ಟು ಖರ್ಚು ₹2,330 ಎಂದು ಲೆಕ್ಕ ಹಾಕಿ, ಅದನ್ನು ₹2,000ದಿಂದ ಭಾಗಿಸಿ 116.5 ಎಂದು ಬರೆಯುತ್ತಾನೆ. ನೋಡಲು ಸರಿಯಾದ ಉತ್ತರದಂತೆಯೇ ಇರುತ್ತದೆ, ಅದೇ ತೊಂದರೆ. ಇಲ್ಲಿ ಬೆಲೆಯ ಬದಲಾವಣೆಯ ಜೊತೆ ಪ್ರಮಾಣದ ಬದಲಾವಣೆಯೂ ಬೆರೆತುಹೋಗಿದೆ. ಗ್ರಾಹಕ ಬೆಲೆ ಸೂಚ್ಯಂಕಕ್ಕೆ ಈ ವರ್ಷದ ಪ್ರಮಾಣ ಬೇಕಾಗಿಯೇ ಇಲ್ಲ. ಪ್ರಶ್ನೆಯಲ್ಲಿ ಅದು ಇದ್ದರೆ ಪೆನ್ಸಿಲಿನಿಂದ ಹೊಡೆದುಹಾಕಿ ಮುಂದುವರಿಯಿರಿ.

ಇದೇ ಉದಾಹರಣೆ ತೂಕದ ವ್ಯತ್ಯಾಸವನ್ನೂ ತೋರಿಸುತ್ತದೆ. ಜನ ತುಟ್ಟಿಯಾದದ್ದನ್ನು ಬಿಟ್ಟು ಅಗ್ಗವಾದದ್ದರತ್ತ ಸರಿಯುತ್ತಾರೆ. ಸ್ಥಿರ ಬುಟ್ಟಿಗೆ ಅದು ಕಾಣುವುದಿಲ್ಲ, ಹಾಗಾಗಿ ಗ್ರಾಹಕ ಬೆಲೆ ಸೂಚ್ಯಂಕ ಜೀವನವೆಚ್ಚದ ಏರಿಕೆಯನ್ನು ಸ್ವಲ್ಪ ಹೆಚ್ಚಾಗಿ ತೋರಿಸುವ ಕಡೆಗೆ ವಾಲುತ್ತದೆ. ಇದು ಲ್ಯಾಸ್ಪಿಯರ್ ವಿಧಾನದ ಗುಣ. ಡಿಫ್ಲೇಟರ್ ಪ್ರತಿ ವರ್ಷದ ಉತ್ಪಾದನೆಯ ಪ್ರಮಾಣವನ್ನೇ ತೂಕವಾಗಿ ಬಳಸುವುದರಿಂದ ಪಾಶೆ ವಿಧಾನಕ್ಕೆ ಸೇರುತ್ತದೆ.

ಮೂರನೆಯದು ಹಣದುಬ್ಬರದ ದರ. ಸೂಚ್ಯಂಕ ಕಳೆದ ವರ್ಷ 125 ಇದ್ದು ಈ ವರ್ಷ 132 ಆಗಿದ್ದರೆ ಹಣದುಬ್ಬರ ಶೇ. 32 ಅಲ್ಲ, ಶೇ. 7 ಕೂಡ ಅಲ್ಲ. (7 ÷ 125) × 100 = ಶೇ. 5.6. ಸೂಚ್ಯಂಕದಿಂದ 100 ಕಳೆದರೆ ಸಿಗುವುದು ಮೂಲ ವರ್ಷದಿಂದ ಈವರೆಗಿನ ಒಟ್ಟು ಏರಿಕೆ. ಹಂತ 4ರಲ್ಲಿ ಹಾಗೆ ಕಳೆಯಬಹುದಾಗಿದ್ದದ್ದು ಮೂಲ ವರ್ಷದೊಡನೆಯೇ ಹೋಲಿಸುತ್ತಿದ್ದ ಕಾರಣಕ್ಕೆ.

## ಹಂತ 6: ಪ್ರಶ್ನೆಯ ಭಾಷೆಯಿಂದ ಅಳತೆಯನ್ನು ಆರಿಸಿ

ಜೀವನವೆಚ್ಚ, ಕುಟುಂಬದ ಬಜೆಟ್, ಕೂಲಿಯ ಕೊಳ್ಳುವ ಶಕ್ತಿ, ಪಿಂಚಣಿ, ತುಟ್ಟಿಭತ್ಯೆ ಎಂಬ ಪದಗಳಿದ್ದರೆ ಗ್ರಾಹಕ ಬೆಲೆ ಸೂಚ್ಯಂಕವೇ ಉತ್ತರ. ಆದರೆ ಅದರಲ್ಲೂ ಒಳಭೇದವಿದೆ. ಕೇಂದ್ರ ಸರ್ಕಾರಿ ನೌಕರರ ತುಟ್ಟಿಭತ್ಯೆಗೆ ಬಳಸುವುದು ಕಾರ್ಮಿಕ ಬ್ಯೂರೋ ಪ್ರಕಟಿಸುವ ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕ. ರಿಸರ್ವ್ ಬ್ಯಾಂಕಿನ ಹಣದುಬ್ಬರ ಗುರಿ, ಅಂದರೆ ಶೇ. 4 ಮತ್ತು ಅದರ ಆಚೀಚೆ ಶೇ. 2ರ ಅಂತರ, ಗ್ರಾಮೀಣ ಮತ್ತು ನಗರ ಎರಡೂ ಸೇರಿದ ಸಂಯುಕ್ತ ಸೂಚ್ಯಂಕವನ್ನು ಆಧರಿಸಿದೆ. ಅದನ್ನು ರಾಷ್ಟ್ರೀಯ ಸಾಂಖ್ಯಿಕ ಕಚೇರಿ ಪ್ರತಿ ತಿಂಗಳೂ ಪ್ರಕಟಿಸುತ್ತದೆ. ಕೆಎಎಸ್ ಮಟ್ಟದ ಪ್ರಶ್ನೆಗಳಲ್ಲಿ ಈ ಎರಡನ್ನು ಅದಲುಬದಲು ಮಾಡಿ ಹೇಳಿಕೆ ಕೊಡುವುದುಂಟು.

ನಾಮಮಾತ್ರ ಜಿಡಿಪಿಯಿಂದ ನೈಜ ಜಿಡಿಪಿಗೆ ಬರುವುದು, ಬೆಳವಣಿಗೆಯಲ್ಲಿ ಬೆಲೆಯ ಪಾಲೆಷ್ಟು ಉತ್ಪಾದನೆಯ ಪಾಲೆಷ್ಟು ಎಂದು ಬೇರ್ಪಡಿಸುವುದು, ದೇಶದಲ್ಲಿ ಉತ್ಪಾದನೆಯಾದ ಎಲ್ಲ ಸರಕು ಸೇವೆಗಳ ಬೆಲೆ ಮಟ್ಟ ಎಂಬ ಮಾತು, ಇವು ಕಂಡರೆ ಡಿಫ್ಲೇಟರ್. ಜಿಡಿಪಿಯ ಅಂದಾಜು ಮೂರು ತಿಂಗಳಿಗೊಮ್ಮೆ ಬರುವುದರಿಂದ ಡಿಫ್ಲೇಟರ್ ಸಿಗುವುದೂ ಹಾಗೆಯೇ. ತಿಂಗಳು ತಿಂಗಳ ನಿರ್ಧಾರಕ್ಕೆ ಅದು ಒದಗದು ಎಂಬ ಒಂದು ವಾಕ್ಯ ಹೋಲಿಕೆಯ ಉತ್ತರದಲ್ಲಿ ಇರಲಿ.

ಆಯ್ಕೆಗಳ ನಡುವೆ ಸಗಟು ಬೆಲೆ ಸೂಚ್ಯಂಕವೂ ಇದ್ದರೆ ಸೇವೆಗಳನ್ನು ನೆನೆಯಿರಿ. ಶಾಲೆಯ ಶುಲ್ಕ, ವೈದ್ಯರ ಶುಲ್ಕ, ಬಸ್ ದರ ಅದರಲ್ಲಿಲ್ಲ. ಉಳಿದ ಎರಡರಲ್ಲೂ ಇವೆ.

## ಹಂತ 7: ನಿಜವಾದ ಅಂಕಿಗಳ ಮೇಲೆ ಬರುವ ವಿಶ್ಲೇಷಣೆಯ ಪ್ರಶ್ನೆ

'ಎರಡು ಅಳತೆಗಳ ನಡುವೆ ದೊಡ್ಡ ಅಂತರ ಏಕೆ ಬರುತ್ತದೆ?' ಎಂಬ ಪ್ರಶ್ನೆಗೆ 2023-24ರ ಅಂಕಿಗಳು ಒಳ್ಳೆಯ ಆಧಾರ. 2024ರ ಮೇ ತಿಂಗಳಲ್ಲಿ ಬಂದ ತಾತ್ಕಾಲಿಕ ಅಂದಾಜಿನಂತೆ ಆ ವರ್ಷ ನಾಮಮಾತ್ರ ಜಿಡಿಪಿ ಶೇ. 9.6ರಷ್ಟು, ನೈಜ ಜಿಡಿಪಿ ಶೇ. 8.2ರಷ್ಟು ಬೆಳೆದಿತ್ತು. 1.096ನ್ನು 1.082ರಿಂದ ಭಾಗಿಸಿದರೆ ಸುಮಾರು 1.013, ಅಂದರೆ ಡಿಫ್ಲೇಟರ್ ಏರಿದ್ದು ಶೇ. 1.3ರಷ್ಟು ಮಾತ್ರ. ಅದೇ ವರ್ಷ ಗ್ರಾಹಕ ಬೆಲೆಗಳ ಸರಾಸರಿ ಹಣದುಬ್ಬರ ಶೇ. 5.4ರಷ್ಟಿತ್ತು. ಜಿಡಿಪಿಯ ಅಂದಾಜುಗಳು ಮುಂದೆ ಪರಿಷ್ಕರಣೆಯಾಗಿವೆ, ಆದ್ದರಿಂದ ಉತ್ತರದಲ್ಲಿ 'ತಾತ್ಕಾಲಿಕ ಅಂದಾಜಿನಂತೆ' ಎಂಬ ಮಾತನ್ನು ಬಿಡಬೇಡಿ.

ಈ ಅಂತರಕ್ಕೆ ಎರಡು ಕಾರಣಗಳನ್ನು ವಿವರವಾಗಿ ಬರೆಯಿರಿ. ಮೊದಲನೆಯದು ಆಹಾರದ ತೂಕ. 2012ನ್ನು ಮೂಲ ವರ್ಷವಾಗಿ ಹೊಂದಿದ್ದ ಸಂಯುಕ್ತ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಆಹಾರ ಮತ್ತು ಪಾನೀಯಗಳ ತೂಕ ಸುಮಾರು ಶೇ. 46. ಜಿಡಿಪಿಯಲ್ಲಿ ಕೃಷಿಯ ಪಾಲು ಅದರ ಅರ್ಧದಷ್ಟೂ ಇಲ್ಲ. ಟೊಮೆಟೊ ಬೆಲೆ ಗಗನಕ್ಕೇರಿದ 2023ರ ಜುಲೈನಲ್ಲಿ ಗ್ರಾಹಕ ಹಣದುಬ್ಬರ ಶೇ. 7.44 ಮುಟ್ಟಿದ್ದರ ಹಿಂದೆ ಇದ್ದದ್ದು ಈ ತೂಕವೇ. ಎರಡನೆಯದು, ಭಾರತದ ಜಿಡಿಪಿ ಲೆಕ್ಕದಲ್ಲಿ ಹಲವು ವಲಯಗಳ ನಾಮಮಾತ್ರ ಮೌಲ್ಯವನ್ನು ನೈಜ ಮೌಲ್ಯಕ್ಕೆ ಇಳಿಸಲು ಸಗಟು ಬೆಲೆಗಳನ್ನು ಬಳಸಲಾಗುತ್ತಿತ್ತು. 2023-24ರಲ್ಲಿ ಸಗಟು ಬೆಲೆಗಳು ಸರಾಸರಿಯಲ್ಲಿ ಹಿಂದಿನ ವರ್ಷಕ್ಕಿಂತ ತುಸು ಇಳಿದಿದ್ದವು. ಆ ಇಳಿಕೆ ಡಿಫ್ಲೇಟರನ್ನೂ ಕೆಳಗೆಳೆಯಿತು.

ಇಂಥ ಪ್ರಶ್ನೆಗೆ 'ಯಾವ ಅಳತೆ ಸರಿ?' ಎಂಬ ಬಾಲವೂ ಇರುತ್ತದೆ. ಅದಕ್ಕೆ ಒಂದನ್ನೇ ಹಿಡಿದು ಇನ್ನೊಂದನ್ನು ತಳ್ಳಿಹಾಕುವ ಉತ್ತರ ಅಂಕ ತರುವುದಿಲ್ಲ. ಕುಟುಂಬದ ಖರ್ಚಿನ ಬಗ್ಗೆ ಹೇಳಬೇಕಾದರೆ ಶೇ. 5.4, ಆ ವರ್ಷದ ನೈಜ ಬೆಳವಣಿಗೆಯ ಲೆಕ್ಕಕ್ಕೆ ಶೇ. 1.3 ಎಂದು ಬರೆದು, ಪ್ರತಿಯೊಂದರ ಮುಂದೆ ಅದು ಯಾರ ಖರೀದಿಯನ್ನು ಅಥವಾ ಯಾವ ಉತ್ಪಾದನೆಯನ್ನು ಅಳೆಯುತ್ತದೆ ಎಂದು ಒಂದು ಸಾಲು ಸೇರಿಸಿ. ಬೆಳವಣಿಗೆಯ ದರವನ್ನು ಪಡೆಯಲು ನಾಮಮಾತ್ರ ಜಿಡಿಪಿಯ ಶೇ. 9.6ರಿಂದ ಗ್ರಾಹಕ ಹಣದುಬ್ಬರದ ಶೇ. 5.4ನ್ನು ಕಳೆದು ಶೇ. 4.2 ಎಂದು ಬರೆದವರಿಗೆ ಪೂರ್ತಿ ಅಂಕ ಸಿಗುವುದಿಲ್ಲ. ಕುಟುಂಬದ ಬುಟ್ಟಿಯ ಬೆಲೆಯನ್ನು ಕಾಫಿ ರಫ್ತು, ಟಿಲ್ಲರ್, ಸರ್ಕಾರಿ ಸೇವೆ ಎಲ್ಲವನ್ನೂ ಒಳಗೊಂಡ ಉತ್ಪಾದನೆಯ ಮೇಲೆ ಹೇರಿದಂತಾಗುತ್ತದೆ ಎಂಬುದೇ ಅದಕ್ಕೆ ಕಾರಣ.